ಟೈಲ್ಸ್ ಮೇಲಿನ ಪೇಂಟ್ ಏಳುತ್ತಿದೆಯಾ? ಮೊದಲು ಆ ಹಕ್ಕಳೆ ತಿರುಗಿಸಿ ನೋಡಿ

ಹಳೆಯ ಟೈಲ್ಸ್ ಒಡೆಸುವ ಗೋಜು ಬೇಡವೆಂದು ಮೇಲಿಂದಲೇ ಎರಡು ಭಾಗದ ಎಪಾಕ್ಸಿ ಪೇಂಟ್ ಹಚ್ಚಿದ್ದೀರಿ. ಮೊದಲ ತಿಂಗಳು ಹೊಸ ಗೋಡೆಯ ಹಾಗೇ ಇತ್ತು. ಆಮೇಲೆ ಒಂದು ಮೂಲೆಯಲ್ಲಿ ಚೂರು ಎದ್ದಿತು. ಕೈ ಸುಮ್ನೆ ಇರಲಿಲ್ಲ, ಕಿತ್ತು ನೋಡಿದಿರಿ, ಅಂಗೈ ಅಗಲ ಕಳಚಿ ಬಂತು. ಇಷ್ಟಾದ ಮೇಲೆ ಹೆಚ್ಚಿನವರು ಪೇಂಟಿಗೆ ಬೈಯುತ್ತಾರೆ, ಇನ್ನೊಂದು ಡಬ್ಬ ತಂದು ಅದೇ ಜಾಗಕ್ಕೆ ಬಳಿಯುತ್ತಾರೆ. ಅದು ಮತ್ತೆ ಏಳುತ್ತದೆ, ಈ ಸಲ ಇನ್ನೂ ಬೇಗ.

ತಪ್ಪು ಪೇಂಟಿನದ್ದಾಗಿರುವುದು ಕಡಿಮೆ. ಪೇಂಟಿನ ಕೆಳಗೆ ಏನಿತ್ತು, ಟೈಲ್ಸಿನ ಹಿಂದೆ ಏನಿದೆ ಎಂಬುದರಲ್ಲೇ ಸಾಮಾನ್ಯವಾಗಿ ಉತ್ತರ ಇರುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ಉಪಕರಣ ಬೇಕಿಲ್ಲ. ಒಂದು ಟಾರ್ಚ್, ಒಂದು ನಾಣ್ಯ, ಅಗಲದ ಗಟ್ಟಿ ಅಂಟುಟೇಪ್, ಹರಿತವಾದ ಬ್ಲೇಡ್, ಒಂದು ತುಂಡು ಪ್ಲಾಸ್ಟಿಕ್ ಹಾಳೆ, ಸ್ವಲ್ಪ ಹತ್ತಿ ಸಾಕು. ಎದ್ದು ಬಂದ ಹಕ್ಕಳೆಯನ್ನು ಮಾತ್ರ ಎಸೆಯಬೇಡಿ. ಮೊದಲ ಸಾಕ್ಷಿ ಅದೇ.

## ಪೇಂಟ್ ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ

ಹಕ್ಕಳೆಯನ್ನು ಬೆಳಕಿಗೆ ಹಿಡಿದು ಹಿಂಭಾಗ ನೋಡಿ. ಅದು ಎದ್ದ ಜಾಗದ ಟೈಲನ್ನೂ ನೋಡಿ. ಎರಡನ್ನೂ ಸೇರಿಸಿ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಹಿಂಭಾಗ ಗಾಜಿನಂತೆ ನಯ, ಕೆಳಗಿನ ಟೈಲೂ ಫಳಫಳ. ಪೇಂಟ್ ಟೈಲನ್ನು ಹಿಡಿದುಕೊಂಡೇ ಇರಲಿಲ್ಲ ಎಂದರ್ಥ. ಟೈಲ್ಸಿನ ಮೇಲಿನ ಹೊಳಪಿನ ಪದರ ನಿಜವಾಗಿಯೂ ಒಂದು ಬಗೆಯ ಗಾಜು. ಅದರಲ್ಲಿ ಸಣ್ಣ ರಂಧ್ರಗಳಿಲ್ಲ, ಪೇಂಟ್ ಇಳಿದು ಕೂರಲು ಜಾಗವಿಲ್ಲ. ಅದಕ್ಕೇ ಮೊದಲು 220 ನಂಬರಿನ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ, ಆಮೇಲೆ ಹೊಳಪಿನ ಮೇಲ್ಮೈಗೆಂದೇ ಮಾಡಿದ ಪ್ರೈಮರ್ ಹಚ್ಚುವುದು. ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಡಿ. ಸಣ್ಣ ಸಣ್ಣ ಗೀರುಗಳು ಕಂಡರೆ ಉಜ್ಜಿದ್ದಾಗಿದೆ. ಬೆಳಕು ಕನ್ನಡಿಯಿಂದ ಬಂದ ಹಾಗೆ ಬಂದರೆ ಆ ಜಾಗ ಉಜ್ಜದೆ ಬಿಟ್ಟುಹೋಗಿದೆ. ಮೂಲೆಗಳು, ನಲ್ಲಿಯ ಹಿಂಭಾಗ, ಕೆಳಗಿನ ಸಾಲು, ಇವೇ ಸಾಮಾನ್ಯವಾಗಿ ಬಿಟ್ಟುಹೋಗುವ ಜಾಗಗಳು. ಬಗ್ಗಿ ಉಜ್ಜಲು ಬೇಜಾರು, ಅಲ್ವಾ.

ಗೀರುಗಳು ಇದ್ದೂ ಪೇಂಟ್ ಎದ್ದಿದ್ದರೆ ಆ ಜಾಗಕ್ಕೆ ಸ್ವಲ್ಪ ನೀರು ಚಿಮುಕಿಸಿ. ಶುಚಿಯಾದ ಟೈಲ್ ಮೇಲೆ ನೀರು ತೆಳುವಾಗಿ ಹರಡಿಕೊಳ್ಳುತ್ತದೆ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿಹನಿಯಾಗಿ ಮುದುಡಿಕೊಂಡರೆ ಅಲ್ಲಿ ಎಣ್ಣೆ, ಮೇಣ ಅಥವಾ ಸಿಲಿಕೋನ್ ಅಂಶ ಇದೆ. ಪೇಂಟ್ ಹಚ್ಚುವ ಮುಂಚೆಯೇ ಗೋಡೆಯುದ್ದಕ್ಕೂ ಈ ಪರೀಕ್ಷೆ ಮಾಡಿದ್ದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತಿತ್ತು ಎಂದು ನನಗೆ ಅನಿಸುತ್ತದೆ.

ಹಿಂಭಾಗದಲ್ಲಿ ಬಿಳಿ ಪುಡಿ. ಬೆರಳಿಗೆ ಹತ್ತುವ ಈ ಪುಡಿ ಮೂರು ರೀತಿಯದ್ದಿರಬಹುದು. ಉಜ್ಜಿದಾಗ ಬಂದ ದೂಳನ್ನು ಒರೆಸದೆ ಬಿಟ್ಟದ್ದು, ಗಡಸು ನೀರಿನ ಸುಣ್ಣದ ಕರೆ, ಅಥವಾ ಸೋಪಿನ ಜಿಡ್ಡು. ಎದ್ದ ಜಾಗದ ಟೈಲ್ ಮೇಲೆ ಒಂದು ಹನಿ ವಿನೆಗರ್ ಹಾಕಿ. ಸಣ್ಣಗೆ ನೊರೆ ಬಂದರೆ ಸುಣ್ಣದ ಕರೆ. ಟೈಲ್ಸಿನ ಸಂದಿಗೆ ತುಂಬುವ ಗ್ರೌಟ್ ಮೇಲೆ ಹಾಕಿ ನೋಡಬೇಡಿ, ಅದು ಸಿಮೆಂಟ್ ಆದ್ದರಿಂದ ಅಲ್ಲಿ ಹೇಗೂ ನೊರೆ ಬರುತ್ತದೆ. ನೊರೆ ಬರಲಿಲ್ಲ, ಒಣ ಬೆರಳಿಗೆ ಮೇಣದ ಹಾಗೆ ಜಾರುತ್ತದೆ ಎಂದರೆ ಸೋಪಿನ ಜಿಡ್ಡು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಆಗುವ ಈ ಜಿಡ್ಡು ನೀರಿಗೆ ಕರಗುವುದಿಲ್ಲ, ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವುದೂ ಇಲ್ಲ.

ಇಲ್ಲಿ ತುಂಬಾ ಜನ ಮಾಡುವ ಒಂದು ತಪ್ಪಿದೆ: ತೊಳೆಯುವ ಮುಂಚೆಯೇ ಸ್ಯಾಂಡ್ ಪೇಪರ್ ಹಿಡಿಯುತ್ತಾರೆ. ಆಗ ಜಿಡ್ಡು ಹೋಗುವ ಬದಲು ಹೊಸ ಗೀರುಗಳ ಒಳಗೇ ತುಂಬಿಕೊಳ್ಳುತ್ತದೆ. ಜಿಡ್ಡು ಬಿಡಿಸುವ ದ್ರಾವಣದಲ್ಲಿ ತೊಳೆದು, ಚೆನ್ನಾಗಿ ನೀರು ಹಾಕಿ, ಒಣಗಿದ ಮೇಲೆ ಉಜ್ಜಬೇಕು. ಉಜ್ಜಿದ ಮೇಲೆ ಮತ್ತೆ ಒರೆಸಬೇಕು.

ಟೈಲ್ ಮೇಲೆ ಪ್ರೈಮರ್ ಗಟ್ಟಿಯಾಗಿದೆ, ಮೇಲಿನ ಬಣ್ಣ ಮಾತ್ರ ಎದ್ದಿದೆ. ಇದು ಪದರ ಪದರದ ನಡುವಿನ ಜಗಳ. ಡಬ್ಬದ ಮೇಲೆ ಎರಡನೇ ಕೋಟ್ ಯಾವಾಗಿನಿಂದ ಯಾವಾಗಿನವರೆಗೆ ಹಚ್ಚಬಹುದು ಎಂದು ಬರೆದಿರುತ್ತದೆ. ಆ ಅವಧಿ ದಾಟಿದರೆ ಕೆಳಗಿನ ಪದರ ಪೂರ್ತಿ ಗಟ್ಟಿಯಾಗಿ ಹೊಸದನ್ನು ಹಿಡಿಯುವುದಿಲ್ಲ. ಮತ್ತೆ ಲಘುವಾಗಿ ಉಜ್ಜಿದರೇ ಹಿಡಿತ. ಇನ್ನೊಂದು ಕಾರಣ ತೇವದ ಗಾಳಿ. ಥಂಡಿ, ತೇವ ಎರಡೂ ಇರುವ ದಿನ ಎಪಾಕ್ಸಿ ಒಣಗುವಾಗ, ಅದು ಗಟ್ಟಿಯಾಗಲೆಂದು ಬೆರೆಸುವ ಎರಡನೇ ಭಾಗವಾದ ಹಾರ್ಡ್ನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಕೈಗೆ ಜಿಡ್ಡೆನಿಸುವ ತೆಳು ಪೊರೆ ಕಟ್ಟುತ್ತದೆ. ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದರೆ ಹೋಗುತ್ತದೆ. ತೊಳೆಯದೆ ಮುಂದಿನ ಕೋಟ್ ಹಚ್ಚಿದರೆ ಅದು ಈ ಪೊರೆಯ ಮೇಲೆ ಕೂರುತ್ತದೆ, ಪೇಂಟಿನ ಮೇಲಲ್ಲ.

ಹಿಂಭಾಗಕ್ಕೆ ಮರಳು ಮರಳಾಗಿ ಗ್ರೌಟ್ ಅಂಟಿಕೊಂಡು ಬಂದಿದೆ. ಪೇಂಟ್ ತನ್ನ ಕೆಲಸ ಮಾಡಿದೆ, ಗ್ರೌಟ್ ಸತ್ತಿದೆ. ಮೊದಲು ಗ್ರೌಟ್ ಕೆರೆದು ಹೊಸದು ತುಂಬಿ, ಆಮೇಲೆ ಪೇಂಟಿನ ಮಾತು.

### ಎಷ್ಟು ಜಾಗ ಕೆಟ್ಟಿದೆ ಎಂದು ಅಳೆಯುವುದು

ಕಾರಣ ಸಿಕ್ಕಿತು. ಈಗ ತೇಪೆ ಹಾಕಿದರೆ ಸಾಕಾ, ಪೂರ್ತಿ ಕೆರೆಯಬೇಕಾ? ಇದಕ್ಕೆ ಟೇಪ್ ಪರೀಕ್ಷೆ ಇದೆ. ಚೆನ್ನಾಗಿ ಒಣಗಿದ, ಸರಿಯಾಗಿ ಕಾಣುವ ಜಾಗದಲ್ಲಿ ಬ್ಲೇಡಿನಿಂದ ಸುಮಾರು 4 ಸೆಂಟಿಮೀಟರ್ ಉದ್ದದ ಎರಡು ಗೆರೆಗಳನ್ನು ಗುಣಾಕಾರ ಚಿಹ್ನೆಯ ಹಾಗೆ ಅಡ್ಡಡ್ಡ ಎಳೆಯಿರಿ. ಬ್ಲೇಡ್ ಟೈಲಿನವರೆಗೂ ಇಳಿಯಬೇಕು. ಗೆರೆಗಳು ಕೂಡುವ ಜಾಗದ ಮೇಲೆ ಟೇಪ್ ಒತ್ತಿ ಅಂಟಿಸಿ, ಒಂದೂವರೆ ನಿಮಿಷ ಬಿಡಿ. ಆಮೇಲೆ ಟೇಪನ್ನು ಅದರ ಮೇಲೇ ಮಡಚಿದ ಹಾಗೆ ಹಿಂದಕ್ಕೆ ಬಾಗಿಸಿ ಒಂದೇ ಸಲಕ್ಕೆ ಎಳೆಯಿರಿ. ಗೆರೆಯ ಅಂಚಿನಲ್ಲಿ ಕೂದಲೆಳೆಯಷ್ಟು ಹೋದರೆ ತೊಂದರೆಯಿಲ್ಲ. ಗೆರೆಗಳ ನಡುವಿನ ತ್ರಿಕೋನ ಪೂರ್ತಿ ಕಿತ್ತು ಬಂದರೆ ಆ ಜಾಗದಲ್ಲಿ ಹಿಡಿತವೇ ಇಲ್ಲ.

ಇದನ್ನು ಒಂದೇ ಕಡೆ ಮಾಡಿ ನಿಲ್ಲಿಸಬೇಡಿ. ಎದ್ದ ಜಾಗದಿಂದ ಒಂದು ಟೈಲ್ ದೂರ, ಮೂರು ಟೈಲ್ ದೂರ, ಎದುರು ಗೋಡೆ, ನೀರು ತಾಗದ ಮೇಲಿನ ಸಾಲು, ಹೀಗೆ ಐದಾರು ಕಡೆ ಮಾಡಿ. ಎದ್ದ ಜಾಗದ ಸುತ್ತ ಮಾತ್ರ ಸೋತರೆ ತೇಪೆ ಸಾಕು: ಸಡಿಲವಾದದ್ದನ್ನೆಲ್ಲ ಕೆರೆದು, ಗಟ್ಟಿ ಪೇಂಟಿನ ಅಂಚು ಬೆರಳಿಗೆ ತಾಗದಷ್ಟು ಇಳಿಜಾರಾಗುವಂತೆ ಉಜ್ಜಿ, ಪ್ರೈಮರಿನಿಂದ ಶುರುಮಾಡಿ. ನೀರೇ ಕಾಣದ ಮೇಲಿನ ಸಾಲಿನಲ್ಲೂ ಸೋತರೆ ತೇಪೆಗೆ ಅರ್ಥವಿಲ್ಲ. ಬೇಸರವಾದರೂ ಪೂರ್ತಿ ತೆಗೆಯಲೇಬೇಕು.

ಪೂರ್ತಿ ತೆಗೆಯುವಾಗ ಒಂದು ಎಚ್ಚರಿಕೆ. ಹಿಡಿತವಿಲ್ಲದ ಪೇಂಟ್ ಸ್ಕ್ರೇಪರಿಗೇ ಬರುತ್ತದೆ, ರಾಸಾಯನಿಕ ಬೇಕಾಗುವುದು ಕಡಿಮೆ. ಪೇಂಟ್ ಕರಗಿಸುವ ದ್ರವದಲ್ಲಿ ಮೆಥಿಲೀನ್ ಕ್ಲೋರೈಡ್ ಇದ್ದರೆ ಅದನ್ನು ಬಚ್ಚಲುಮನೆಯೊಳಗೆ ತರಲೇಬೇಡಿ. ಡಬ್ಬದ ಮೇಲೆ ಡೈಕ್ಲೋರೋಮೀಥೇನ್ ಎಂದಿದ್ದರೂ ಅದು ಇದೇ. ಇದರ ಆವಿ ಗಾಳಿಗಿಂತ ಭಾರ, ಸಣ್ಣ ಕೋಣೆಯಲ್ಲಿ ಕೆಳಗೆ ತುಂಬಿಕೊಳ್ಳುತ್ತದೆ. ಅಮೆರಿಕದಲ್ಲಿ 2000ರಿಂದ 2011ರ ನಡುವೆ ಸ್ನಾನದ ತೊಟ್ಟಿಗಳ ಹಳೆಯ ಬಣ್ಣ ತೆಗೆಯುತ್ತಿದ್ದ 13 ಕೆಲಸಗಾರರು ಇದೇ ಆವಿಯಿಂದ ಸತ್ತದ್ದು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆಯ ವರದಿಯಲ್ಲಿ ದಾಖಲಾಗಿದೆ. ದೂಳಿಗೆ ಹಾಕುವ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಇನ್ನು ಉಜ್ಜುವ ವಿಷಯ: ಹಳೆಯ ಟೈಲ್ಸಿನ ಹೊಳಪಿನಲ್ಲಿ ಸೀಸ ಇರಬಹುದು, ಗ್ರೌಟಿನ ದೂಳಿನಲ್ಲಿ ಸಿಲಿಕಾ ಇರುತ್ತದೆ. ಹಾಗಾಗಿ ನೀರಿಗೆ ತಡೆಯುವ ಸ್ಯಾಂಡ್ ಪೇಪರ್ ತಂದು ಒದ್ದೆ ಮಾಡಿಕೊಂಡೇ ಉಜ್ಜಿ, ಎನ್95 ಮಾಸ್ಕ್ ಹಾಕಿ, ಮಕ್ಕಳನ್ನೂ ಬಸುರಿಯರನ್ನೂ ಆ ಕಡೆ ಬಿಡಬೇಡಿ.

## ಪೇಂಟ್ ಗುಳ್ಳೆ ಗುಳ್ಳೆಯಾಗಿ ಉಬ್ಬಿದೆ

ಒಂದು ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ. ಒಳಗೆ ಗಾಳಿ ಮಾತ್ರ ಇದ್ದರೆ ಪೇಂಟನ್ನು ಒಂದೇ ಸಲ ದಪ್ಪವಾಗಿ ಬಳಿದು ಥಿನ್ನರ್ ಒಳಗೇ ಸಿಕ್ಕಿಕೊಂಡಿದೆ. ಇಂಥ ಗುಳ್ಳೆ ಸಾಮಾನ್ಯವಾಗಿ ಹಚ್ಚಿದ ಮೊದಲ ದಿನಗಳಲ್ಲೇ ಕಾಣುತ್ತದೆ, ಸಣ್ಣದಾಗಿರುತ್ತದೆ, ಗೋಡೆಯ ಎಲ್ಲೆಂದರಲ್ಲಿ ಇರುತ್ತದೆ. ಉಜ್ಜಿ ಮಟ್ಟಮಾಡಿ ತೆಳುವಾಗಿ ಮತ್ತೆ ಹಚ್ಚಿದರೆ ಮುಗಿಯಿತು.

ಒಳಗಿಂದ ನೀರು ಬಂದರೆ ಕಥೆ ಬೇರೆ. ಆ ನೀರು ಮುಂದಿನಿಂದ ಬಂದದ್ದಲ್ಲ, ಹಿಂದಿನಿಂದ ಬಂದದ್ದು. ಟೈಲ್ ನೀರು ಬಿಡುವುದಿಲ್ಲ ನಿಜ, ಆದರೆ ಗ್ರೌಟ್ ಬಿಡುತ್ತದೆ. ಗೋಡೆಯ ತೇವ ಮೊದಲು ಗ್ರೌಟಿನ ಮೂಲಕ ಹೊರಗೆ ಬಂದು ಆರಿಹೋಗುತ್ತಿತ್ತು. ನೀವು ಅದರ ಮೇಲೆ ಪೇಂಟಿನ ಮುಚ್ಚಳ ಹಾಕಿದ್ದೀರಿ. ಅದಕ್ಕೇ ಇಂಥ ಗುಳ್ಳೆಗಳು ಹೆಚ್ಚಾಗಿ ಸಂದಿನುದ್ದಕ್ಕೂ ಸಾಲಾಗಿ ಏಳುತ್ತವೆ.

ತೇವ ಎಲ್ಲಿಂದ ಎಂದು ತಿಳಿಯಲು ಪ್ಲಾಸ್ಟಿಕ್ ಹಾಳೆ ಬೇಕು. ಆ ಜಾಗದ ಪೇಂಟ್ ಕೆರೆದು, ಒರೆಸಿ, ಎರಡು ಮೂರು ಸಂದುಗಳು ಒಳಗೆ ಬರುವಂತೆ ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಮುಚ್ಚಿ. ಒಂದು ದಿನ ಆ ಕೋಣೆ ಬಳಸಬೇಡಿ. ಮರುದಿನ ಹಾಳೆಯ ಒಳಮುಖದಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿದೆ. ಹೊರಮುಖ ಮಾತ್ರ ಒದ್ದೆಯಾಗಿದ್ದರೆ ಅದು ಕೋಣೆಯ ಹಬೆ, ಗಾಳಿಯಾಡುವ ವ್ಯವಸ್ಥೆ ನೋಡಿಕೊಳ್ಳಬೇಕು.

ಜೊತೆಗೆ ಆ ಸುತ್ತಲಿನ ಪ್ರತಿ ಟೈಲನ್ನೂ ನಾಣ್ಯದಿಂದ ತಟ್ಟುತ್ತಾ ಹೋಗಿ, ನಡುವೆಯೂ ನಾಲ್ಕು ಮೂಲೆಗೂ. ಗಟ್ಟಿ ಟೈಲ್ ಚಿಕ್ಕದಾಗಿ ಟಕ್ ಎನ್ನುತ್ತದೆ. ಹಿಂದಿನ ಸಿಮೆಂಟ್ ಬಿಟ್ಟಿರುವ ಟೈಲ್ ಖಾಲಿ ಡಬ್ಬ ತಟ್ಟಿದ ಹಾಗೆ ಟೊಳ್ಳು ಸದ್ದು ಮಾಡುತ್ತದೆ. ಟೊಳ್ಳು ಟೈಲಿಗೆ ಯಾವ ಪೇಂಟೂ ನಿಲ್ಲುವುದಿಲ್ಲ, ಯಾಕೆಂದರೆ ಅಲ್ಲಾಡುತ್ತಿರುವುದು ಟೈಲೇ.

### ಒಂದೇ ಗೋಡೆ, ಎರಡು ಕಾಯಿಲೆ

ಅಕ್ಕನ ಮನೆಯ ಬಚ್ಚಲುಮನೆಗೆ ಪೇಂಟ್ ಹಚ್ಚಿದ್ದು ನಾನೇ. ತೊಳೆದೆ, ಉಜ್ಜಿದೆ, ಪ್ರೈಮರ್ ಮತ್ತು ಎರಡು ಕೋಟ್ ಹಚ್ಚಿದೆ, ಏಳು ದಿನ ನೀರು ತಾಗಿಸಲಿಲ್ಲ. ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೆ. ಏಳನೇ ವಾರಕ್ಕೆ ಫೋನ್ ಬಂತು. "ನೀನು ಹಚ್ಚಿದ್ದು ಎರಡು ಕಡೆ ಸುಲಿಯುತ್ತಿದೆ ಕಣೋ, ಬಂದು ನೋಡು."

ಒಂದು ಕಡೆ ಕನ್ನಡಿಯ ಪಕ್ಕ, ಇನ್ನೊಂದು ಕಡೆ ನಲ್ಲಿಯ ಕೆಳಗೆ, ನೆಲದಿಂದ ಎರಡನೇ ಸಾಲು. ಒಂದೇ ಗೋಡೆ, ಒಂದೇ ದಿನ ಹಚ್ಚಿದ ಪೇಂಟ್, ಹಾಗಾಗಿ ಕಾರಣವೂ ಒಂದೇ ಇರಬೇಕು ಎಂದು ನನ್ನ ಅಂದಾಜು. ಅದು ತಪ್ಪಾಯಿತು.

ಕನ್ನಡಿಯ ಪಕ್ಕದ ಹಕ್ಕಳೆಯ ಹಿಂಭಾಗ ಒಣಗಿತ್ತು, ನಯವಾಗಿತ್ತು. ಟೈಲ್ ಮೇಲೆ ಗೀರುಗಳು ಸ್ಪಷ್ಟವಾಗಿದ್ದವು. ನೀರು ಚಿಮುಕಿಸಿದರೆ ಒಂದು ಪಟ್ಟಿಯಷ್ಟು ಉದ್ದಕ್ಕೆ ಮಾತ್ರ ಹನಿ ಮುದುಡಿಕೊಂಡಿತು, ಅದರ ಆಚೀಚೆ ಹರಡಿತು. ಅಕ್ಕನನ್ನು ಕೇಳಿದೆ, ಇಲ್ಲಿ ಮೊದಲು ಏನಿತ್ತು? ಒಂದು ಗಾಜಿನ ಸ್ಟ್ಯಾಂಡ್ ಅಂಟಿಸಿದ್ದರಂತೆ, ಪೇಂಟಿಗೆ ಮುಂಚೆ ಕಿತ್ತರಂತೆ. ಅಂಟಿಸಿದ್ದು ಸಿಲಿಕೋನಿನಲ್ಲಿ. ಕಣ್ಣಿಗೆ ಕಾಣುವುದನ್ನು ನಾನು ಕೆರೆದಿದ್ದೆ, ಕಾಣದ ಪೊರೆ ಉಳಿದಿತ್ತು. ಉಜ್ಜಿದ್ದರಿಂದ ಅದನ್ನು ಇನ್ನಷ್ಟು ಸವರಿದ ಹಾಗೆ ಆಗಿತ್ತು.

ನಲ್ಲಿಯ ಕೆಳಗಿನದು ಗುಳ್ಳೆಯಾಗಿ ಎದ್ದಿತ್ತು, ಚುಚ್ಚಿದರೆ ನೀರು. ತಟ್ಟಿ ನೋಡಿದರೆ ಒಂದು ಟೈಲ್ ಟೊಳ್ಳು. ಹಾಳೆ ಅಂಟಿಸಿ ಬಂದೆ, ಮರುದಿನ ಒಳಮುಖದ ತುಂಬಾ ಹನಿ. ಈಗ ಎರಡು ಸಾಧ್ಯತೆ: ಗೋಡೆಯೊಳಗಿನ ಪೈಪ್ ಸೋರುತ್ತಿದೆ, ಇಲ್ಲವೇ ಸ್ನಾನದ ನೀರು ಎಲ್ಲಿಂದಲೋ ಹಿಂದಕ್ಕೆ ಹೋಗುತ್ತಿದೆ. ಇವೆರಡನ್ನೂ ಬೇರೆ ಮಾಡುವುದು ಸುಲಭ. ಪೈಪಿನ ನೀರು ನೀವು ಸ್ನಾನ ಮಾಡಿದರೂ ಬಿಟ್ಟರೂ ಸೋರುತ್ತಲೇ ಇರುತ್ತದೆ. ಪೈಪಿನ ವಾಲ್ವ್ ತೆರೆದೇ ಇಟ್ಟು ಆರು ದಿನ ಆ ಕೋಣೆ ಬಳಸಬೇಡಿ ಎಂದೆ. ಎರಡು ದಿನಕ್ಕೊಮ್ಮೆ ಹಾಳೆ ಬದಲಿಸಿ ನೋಡಿದೆವು. ಹನಿ ಕಡಿಮೆಯಾಗುತ್ತಾ ಬಂದು ಆರನೇ ದಿನ ಬರೀ ಮಂಜು ಮಂಜು. ಪೈಪ್ ಅಲ್ಲ ಎಂದು ಧೈರ್ಯ ಬಂತು.

ಆಮೇಲೆ ನಲ್ಲಿಯ ಬುಡಕ್ಕೆ ಹತ್ತು ನಿಮಿಷ ನೀರು ಹಾಯಿಸಿದೆ. ಮರುದಿನ ಹಾಳೆಯ ಒಳಗೆ ಮತ್ತೆ ಹನಿ. ನಲ್ಲಿಯ ಬುಡದ ಸ್ಟೀಲ್ ತಟ್ಟೆಯನ್ನು ಹಿಂದಕ್ಕೆ ಸರಿಸಿ ನೋಡಿದರೆ ಟೈಲಿನಲ್ಲಿ ಕೊರೆದ ತೂತು ಪೈಪಿಗಿಂತ ಎರಡು ಬೆರಳು ದೊಡ್ಡದಿತ್ತು, ಸುತ್ತ ಏನೂ ತುಂಬಿರಲಿಲ್ಲ. ಎಷ್ಟೋ ವರ್ಷಗಳಿಂದ ಪ್ರತಿ ಸ್ನಾನದ ನೀರೂ ಅಲ್ಲಿಂದ ಒಳಗೆ ಹೋಗುತ್ತಿತ್ತು. ಗ್ರೌಟಿನಿಂದ ಹೊರಬಂದು ಒಣಗುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ನನ್ನ ಪೇಂಟ್ ಅದನ್ನು ತೋರಿಸಿಕೊಟ್ಟಿತು.

ಟೊಳ್ಳು ಟೈಲನ್ನು ಬಿಡಿಸಿ, ಹಿಂದಿನ ಗೋಡೆ ಆರಲು ಬಿಟ್ಟು, ಹೊಸದಾಗಿ ಅಂಟಿಸಿ, ತೂತಿನ ಸುತ್ತ ಸಿಮೆಂಟ್ ತುಂಬಿದೆ. ಹಾಳೆ ಪರೀಕ್ಷೆ ಸತತ ಎರಡು ಸಲ ಒಣಗಿ ಬರುವವರೆಗೆ ಪೇಂಟ್ ಮುಟ್ಟಲಿಲ್ಲ. ಅದಕ್ಕೆ ಎರಡು ವಾರ ಹಿಡಿಯಿತು. ಅಕ್ಕನ ಮುಖ ನೋಡುವ ಹಾಗಿರಲಿಲ್ಲ, ಆದರೆ ಇಲ್ಲಿ ಅವಸರ ಮಾಡಿದ್ದರೆ ಮತ್ತೆ ಗುಳ್ಳೆಯೇ. ತಟ್ಟೆಯ ಸುತ್ತ ಸಿಲಿಕೋನ್ ಹಾಕಿದ್ದು ಪೇಂಟ್ ಪೂರ್ತಿ ಗಟ್ಟಿಯಾದ ಮೇಲೆ, ಕೊನೆಗೆ.

ಇಂಥ ಪರೀಕ್ಷೆಯಲ್ಲಿ ಎಲ್ಲಿ ನಿಲ್ಲಿಸಬೇಕು ಎಂದೂ ಹೇಳಿಬಿಡುತ್ತೇನೆ. ವಾರ ಬಳಸದಿದ್ದರೂ ಹಾಳೆಯ ಒಳಗೆ ಮೊದಲಿನಷ್ಟೇ ಹನಿ ಇದ್ದರೆ, ಅಥವಾ ಎಲ್ಲ ನಲ್ಲಿ ಮುಚ್ಚಿದಾಗಲೂ ನೀರಿನ ಮೀಟರ್ ತಿರುಗುತ್ತಿದ್ದರೆ ಪ್ಲಂಬರನ್ನು ಕರೆಯಿರಿ. ಆರೇಳು ಟೈಲ್ಸ್ ಒಟ್ಟಿಗೆ ಟೊಳ್ಳು ಸದ್ದು ಮಾಡಿದರೆ, ಗೋಡೆ ಹೊಟ್ಟೆ ಬಿಟ್ಟ ಹಾಗೆ ಉಬ್ಬಿದ್ದರೆ ಪೇಂಟಿನ ಕೆಲಸ ಅಲ್ಲಿಗೇ ಬಿಡಿ, ಆ ಭಾಗ ಒಡೆಯಲೇಬೇಕು. ತೇವ ಇರುವ ಗೋಡೆಯಲ್ಲಿ ಸ್ವಿಚ್ಚೋ ಗೀಸರಿನ ಪ್ಲಗ್ಗೋ ಇದ್ದರೆ ಮೊದಲು ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಇದನ್ನು ಮಾತ್ರ ನೀವೇ ನೋಡಲು ಹೋಗಬೇಡಿ.

## ವಾರ ಕಳೆದರೂ ಉಗುರಿನ ಗುರುತು ಬೀಳುತ್ತಿದೆ

25 ಡಿಗ್ರಿಯ ಆಸುಪಾಸಿನಲ್ಲಿ ಎರಡು ಭಾಗದ ಎಪಾಕ್ಸಿ ಕೆಲವು ಗಂಟೆಗಳಲ್ಲಿ ಕೈಗೆ ಅಂಟದ ಹಾಗೆ ಆಗುತ್ತದೆ, ಪೂರ್ತಿ ಗಟ್ಟಿಯಾಗಲು ಸುಮಾರು ಏಳು ದಿನ ಬೇಕು. ಥಂಡಿ ಹೆಚ್ಚಿದ್ದರೆ ಇನ್ನೂ ಜಾಸ್ತಿ. 10 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಎಪಾಕ್ಸಿ ಗಟ್ಟಿಯಾಗುವುದು ಬಹುತೇಕ ನಿಂತೇ ಹೋಗುತ್ತದೆ. ಹಾಗಾಗಿ ಮೊದಲು ಕೋಣೆ ಬೆಚ್ಚಗಿಟ್ಟು ಇನ್ನೂ ಐದಾರು ದಿನ ಕಾಯಿರಿ. ಇದಕ್ಕೆ ಖರ್ಚಿಲ್ಲ.

ಆಮೇಲೂ ಮೆತ್ತಗಿದ್ದರೆ ಹತ್ತಿಗೆ ಅಸಿಟೋನ್ ಹಾಕಿ ಒಂದು ಮೂಲೆಯಲ್ಲಿ ಇಪ್ಪತ್ತು ಸಲ ಉಜ್ಜಿ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಹೆಚ್ಚಾಗಿ ಅಸಿಟೋನೇ ಇರುತ್ತದೆ, ಅದೂ ಆದೀತು. ಹತ್ತಿರದಲ್ಲಿ ಬೆಂಕಿ, ಗ್ಯಾಸ್ ಗೀಸರ್ ಇರಬಾರದು, ಕಿಟಕಿ ತೆರೆದಿರಬೇಕು. ಸರಿಯಾಗಿ ಗಟ್ಟಿಯಾದ ಎಪಾಕ್ಸಿಯ ಹೊಳಪು ಸ್ವಲ್ಪ ಮಂಕಾಗಬಹುದು, ಅಷ್ಟೇ. ಬಣ್ಣ ಹತ್ತಿಗೆ ದಂಡಿಯಾಗಿ ಬಂದು ಕೆಳಗಿನ ಪೇಂಟ್ ಅಂಟಾದರೆ ಅದು ಗಟ್ಟಿಯಾಗಿಲ್ಲ.

ಈಗ ಎಲ್ಲೆಲ್ಲಿ ಮೆತ್ತಗಿದೆ ನೋಡಿ. ಗೋಡೆ ಪೂರ್ತಿ ಒಂದೇ ಸಮ ಮೆತ್ತಗಿದ್ದರೆ ಹಾರ್ಡ್ನರಿನ ಅಳತೆ ತಪ್ಪಿದೆ. ಡಬ್ಬದಲ್ಲಿ ಹೇಳಿದ ಅಳತೆ ತೂಕದ್ದೋ ಗಾತ್ರದ್ದೋ ಎಂದು ನೋಡದೆ ಕಲೆಸಿದರೆ ಹೀಗಾಗುತ್ತದೆ. ಬೇಗ ಒಣಗಲಿ ಎಂದು ಹಾರ್ಡ್ನರ್ ಜಾಸ್ತಿ ಹಾಕಿದರೂ ಇದೇ ಗತಿ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಮೆತ್ತಗೆ ಎಂದಾದರೆ ಅಳತೆ ಸರಿಯಿದ್ದು ಕಲೆಸಿದ್ದು ಸಾಲಲಿಲ್ಲ. ಡಬ್ಬದ ತಳಕ್ಕೂ ಅಂಚಿಗೂ ಅಂಟಿದ್ದನ್ನು ಕೊನೆಗೆ ಕೆರೆದು ಹಚ್ಚಿದ ಜಾಗವೇ ಅದು.

ಎರಡಕ್ಕೂ ಮದ್ದು ಒಂದೇ, ಮೆತ್ತಗಿರುವುದನ್ನು ಕೆರೆದು ತೆಗೆಯುವುದು. ಮೇಲೊಂದು ಸರಿಯಾದ ಕೋಟ್ ಹಚ್ಚಿದರೆ ಕೆಳಗಿನದು ಗಟ್ಟಿಯಾಗುವುದಿಲ್ಲ, ಮೇಲಿನದು ಬಿರಿಯುತ್ತದೆ. ಕೆರೆಯುವಾಗ ನೈಟ್ರೈಲ್ ಗ್ಲೌಸ್ ಹಾಕಿ. ಗಟ್ಟಿಯಾಗದ ಎಪಾಕ್ಸಿ ಮತ್ತು ಅದರ ಹಾರ್ಡ್ನರ್ ಚರ್ಮಕ್ಕೆ ಅಲರ್ಜಿ ತರುತ್ತವೆ. ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ.

## ಹಚ್ಚುತ್ತಿರುವಾಗಲೇ ಪೇಂಟ್ ಕಣ್ಣು ಕಣ್ಣಾಗಿ ಬಿಟ್ಟುಕೊಳ್ಳುತ್ತಿದೆ

ರೋಲರ್ ಆಡಿಸಿದ ತಕ್ಷಣ ಸಣ್ಣ ಸಣ್ಣ ವೃತ್ತಗಳಲ್ಲಿ ಪೇಂಟ್ ಹಿಂದೆ ಸರಿದು ಕೆಳಗಿನ ಟೈಲ್ ಕಾಣುತ್ತಿದೆಯಾ? ಅಕ್ಕನ ಮನೆಯ ಕನ್ನಡಿ ಪಕ್ಕದ ಕಾಯಿಲೆಯೇ ಇದು, ಇಲ್ಲಿ ಸ್ವಲ್ಪ ಮುಂಚೆ ಕಂಡಿದೆ. ಸಿಲಿಕೋನ್, ಹೊಳಪಿನ ಸ್ಪ್ರೇ, ಎಣ್ಣೆ, ಯಾವುದಾದರೂ ಇರಬಹುದು. ಅದರ ಮೇಲೆ ಮತ್ತೆ ಮತ್ತೆ ರೋಲರ್ ಆಡಿಸಬೇಡಿ, ಕೊಳೆ ಗೋಡೆಯ ತುಂಬಾ ಹರಡುತ್ತದೆ. ಹಸಿ ಇರುವಾಗಲೇ ಆ ಜಾಗವನ್ನು ಪೇಂಟಿನ ಥಿನ್ನರಿನಲ್ಲಿ ಒರೆಸಿ ತೆಗೆದು, ಸಿಲಿಕೋನ್ ತೆಗೆಯುವ ದ್ರಾವಣ ಹಾಕಿ, ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲಿನಿಂದ ಒರೆಸಿ. ನೀರು ಹರಡಿಕೊಳ್ಳುವವರೆಗೆ ಬಿಡಬೇಡಿ.

ನೆಲ ಗೋಡೆ ಕೂಡುವ ಮೂಲೆ, ಸಿಂಕಿನ ಅಂಚು, ಇಲ್ಲಿ ರಬ್ಬರಿನ ಹಾಗಿರುವ ಸಿಲಿಕೋನ್ ಪಟ್ಟಿಯ ಮೇಲೇ ಪೇಂಟ್ ಎಳೆದಿದ್ದರೆ ಅದು ಅಲ್ಲಿ ನಿಲ್ಲುವುದಿಲ್ಲ. ಪಟ್ಟಿ ಕೊಯ್ದು ತೆಗೆಯಿರಿ, ಪೇಂಟ್ ಗಟ್ಟಿಯಾದ ಮೇಲೆ ಹೊಸದು ಹಾಕಿ.

## ಸಂದಿನುದ್ದಕ್ಕೂ ಬಿರುಕು, ಅಥವಾ ಕಪ್ಪು ಮತ್ತೆ ಮೂಡುತ್ತಿದೆ

ಟೈಲ್ ಮೇಲೆ ಪೇಂಟ್ ಸರಿಯಾಗಿದ್ದು ಸಂದಿನಲ್ಲಿ ಮಾತ್ರ ಕೂದಲಿನಂಥ ಬಿರುಕು ಬಂದರೆ ಹೆಬ್ಬೆರಳಿನಿಂದ ಪಕ್ಕದ ಟೈಲನ್ನು ಒತ್ತಿ ನೋಡಿ. ಅಲ್ಲಾಡಿದರೆ ಕಾರಣ ಅದೇ. ಅಲ್ಲಾಡದಿದ್ದರೆ ಆಳದ ಸಂದಿನಲ್ಲಿ ಪೇಂಟ್ ಕೊಚ್ಚೆಯ ಹಾಗೆ ನಿಂತು ಕುಗ್ಗಿದೆ, ಕೆರೆದು ಗ್ರೌಟ್ ತುಂಬಿ ಮಟ್ಟ ಮಾಡಬೇಕು. ಎರಡು ಗೋಡೆ ಕೂಡುವ ಮೂಲೆಯ ಬಿರುಕಿಗೆ ಮಾತ್ರ ಗ್ರೌಟ್ ಬೇಡ. ಅಲ್ಲಿ ಗೋಡೆಗಳು ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ, ಸಿಲಿಕೋನೇ ಸರಿ.

ಕಪ್ಪು ಮೂಡಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೋದರೆ ಅದು ಪೇಂಟಿನ ಮೇಲೆ ಬೆಳೆದ ಬೂಷ್ಟು, ಗಾಳಿ ಸಾಲದ್ದಕ್ಕೆ ಬಂದದ್ದು. ಹೋಗದಿದ್ದರೆ ಕೆಳಗಿನದು. ಬೂಷ್ಟು ಕೊಲ್ಲದೆ ಹಚ್ಚಿದ್ದೀರಿ ಅಥವಾ ಗ್ರೌಟ್ ಇನ್ನೂ ತೇವವಾಗಿದೆ, ಮೇಲಿನ ಹಾಳೆ ಪರೀಕ್ಷೆಗೆ ವಾಪಸ್ ಹೋಗಿ. ಬೂಷ್ಟಿಗೆ ಬ್ಲೀಚ್ ಬಳಸುವಾಗ ಅದೇ ದಿನ ಅದೇ ಗೋಡೆಗೆ ಆಸಿಡ್ ಅಥವಾ ವಿನೆಗರ್ ಹಾಕಬೇಡಿ, ಕ್ಲೋರಿನ್ ವಿಷಾನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ.

## ಅಡುಗೆಮನೆಯಲ್ಲಿ: ಒಲೆಯ ಹಿಂದೆ ಮಾತ್ರ ಕೆಟ್ಟಿದೆ

ಒಲೆಯ ಹಿಂದೆ ಎದ್ದ ಹಕ್ಕಳೆಯ ಹಿಂಭಾಗ ಹಳದಿ ಅಂಟಾಗಿದ್ದರೆ ಹಳೆಯ ಎಣ್ಣೆ ಜಿಡ್ಡು ಉಳಿದಿತ್ತು, ಬೇರೆ ಹುಡುಕಬೇಕಿಲ್ಲ. ಅಂಟಿಲ್ಲದೆ ಪೇಂಟ್ ಹಳದಿಯಾಗಿ ಬಿರುಸಾಗಿದ್ದರೆ ಶಾಖ ಕಾರಣ. ಪಾತ್ರೆಯಂಚಿನಿಂದ ಉರಿ ತಾಗುವಷ್ಟು ಹತ್ತಿರದ ಜಾಗದಲ್ಲಿ ಟೈಲ್ ಪೇಂಟ್ ಬಾಳುವುದಿಲ್ಲ, ಎಷ್ಟು ಸಲ ಹಚ್ಚಿದರೂ ಅಷ್ಟೇ. ಅಷ್ಟಗಲಕ್ಕೆ ಸ್ಟೀಲ್ ಹಾಳೆ ಅಥವಾ ಗಟ್ಟಿಗಾಜು ಹಾಕುವುದು ಒಳ್ಳೆಯದು. ಕಿಟಕಿಯ ಬಿಸಿಲು ಬೀಳುವ ಕಡೆ ಮಾತ್ರ ಹಳದಿಯಾಗಿದ್ದರೆ ಅದು ಎಪಾಕ್ಸಿಯ ಸ್ವಭಾವ. ಹಿಡಿತ ಸರಿಯಿದ್ದರೆ ಉಜ್ಜಿ, ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಕೋಟ್ ಹಚ್ಚಬಹುದು. ಎರಡು ಭಾಗದ ಪಾಲಿಯುರೆಥೇನನ್ನು ಮನೆಯೊಳಗೆ ಸ್ಪ್ರೇ ಮಾಡಲು ಹೋಗಬೇಡಿ, ಅದರ ಐಸೊಸಯನೇಟ್ ಆವಿ ಉಬ್ಬಸ ತರುತ್ತದೆ.

ಪೇಂಟಿನ ಬದಲು ಅಂಟುಹಾಳೆಯೋ ಪಿವಿಸಿ ಹಲಗೆಯೋ ಹಾಕಿದ್ದರೂ ಇದೇ ಲೆಕ್ಕ. ಒಲೆಯ ಪಕ್ಕ ಪಿವಿಸಿ ಬೇಡವೇ ಬೇಡ, ಸುಮಾರು 80 ಡಿಗ್ರಿಗೇ ಅದು ಮೆತ್ತಗಾಗಲು ಶುರುವಾಗುತ್ತದೆ. ಹಾಳೆಯ ಅಂಚು ಎದ್ದಿದ್ದರೆ ಅದರ ಅಂಟಿನ ಮುಖ ನೋಡಿ. ದೂಳು ಹತ್ತಿದ್ದರೆ ತೊಳೆದದ್ದು ಸಾಲದು, ತೇವ ಇದ್ದರೆ ಹಾಳೆಯ ಹಿಂದೆ ನೀರು ಓಡಾಡುತ್ತಿದೆ, ಒಣಗಿ ಶುಚಿಯಾಗಿದ್ದೂ ಎದ್ದಿದ್ದರೆ ಆಳವಾದ ಸಂದಿನ ಮೇಲೆ ಅದಕ್ಕೆ ಕೂರಲು ಜಾಗವೇ ಇಲ್ಲ.